ಅಂಗಡಿ ಬಿಡುವ ಪತ್ರ, ಅಡ್ವಾನ್ಸ್ ಬರುವ ದಾರಿ

"ಸಾವ್ಕಾರ್ರೇ, ದೀಪಾವಳಿ ಹೊತ್ತಿಗೆ ಅಂಗಡಿ ಖಾಲಿ ಮಾಡ್ತೀವ್ರಿ."

"ಆಯ್ತು, ನೋಡೋಣ ಬಿಡಪ್ಪ."

ನಮ್ಮ ಊರುಗಳಲ್ಲಿ ಬಹಳಷ್ಟು ಬಾಡಿಗೆ ಮಳಿಗೆಗಳ ಕರಾರು ಕೊನೆಯಾಗುವುದು ಈ ಎರಡು ಮಾತುಗಳಲ್ಲಿ. ಬಾಡಿಗೆದಾರರು ನೋಟಿಸ್ ಕೊಟ್ಟಾಯಿತು ಎಂದುಕೊಳ್ಳುತ್ತಾರೆ, ಮಾಲೀಕರು ಏನೋ ಮಾತಿಗೆ ಹೇಳಿದರು ಎಂದುಕೊಳ್ಳುತ್ತಾರೆ. ಬೀಗದ ಕೈ ಕೊಡುವ ದಿನ ಅಡ್ವಾನ್ಸ್ ಕೇಳಿದಾಗ ಮಾತು ಬೇರೆಯಾಗುತ್ತದೆ. ನೋಟಿಸ್ ಎಲ್ಲಿ ಕೊಟ್ಟಿದ್ದೀರಿ, ಇನ್ನೂ ಮೂರು ತಿಂಗಳ ಬಾಡಿಗೆ ಬರಬೇಕು, ಬಣ್ಣ ಹಾಳಾಗಿದೆ, ಹೊಸಬರು ಬಂದು ಅಡ್ವಾನ್ಸ್ ಕೊಟ್ಟ ಮೇಲೆ ಕೊಡುತ್ತೇನೆ. ಈ ನಾಲ್ಕು ಮಾತಿಗೂ ಉತ್ತರವನ್ನು ಮೊದಲೇ ಕೊಟ್ಟಿರಬಹುದಾದದ್ದು ಒಂದೇ ಒಂದು ಹಾಳೆಯ ಪತ್ರ. ಆ ಪತ್ರದಲ್ಲಿ ಮೂರು ದಿನಾಂಕಗಳು ಖಚಿತವಾಗಿರಬೇಕು: ನೋಟಿಸ್ ಶುರುವಾಗುವ ದಿನ, ಬೀಗದ ಕೈ ಕೊಡುವ ದಿನ, ಹಣ ವಾಪಸ್ ಬರುವ ದಿನ. ಮಿಕ್ಕದ್ದೆಲ್ಲ ಇವುಗಳ ಸುತ್ತಲೇ ನಿಲ್ಲುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ದಾವಣಗೆರೆಯಲ್ಲಿ ಒಬ್ಬ ಮಹಿಳೆ ಹೊಲಿಗೆ ಸಾಮಗ್ರಿಯ ಅಂಗಡಿ ನಡೆಸುತ್ತಿದ್ದಾರೆ ಎನ್ನಿ. ದಾರ, ಗುಂಡಿ, ಲೇಸು, ಫಾಲ್ಸು ಮಾರುವ 200 ಚದರಡಿಯ ಮಳಿಗೆ. ತಿಂಗಳ ಬಾಡಿಗೆ 18,000 ರೂಪಾಯಿ. ಅಡ್ವಾನ್ಸ್ ಹತ್ತು ತಿಂಗಳ ಲೆಕ್ಕದಲ್ಲಿ 1,80,000. ಅದರಲ್ಲಿ ಒಂದು ಲಕ್ಷ ಬ್ಯಾಂಕ್ ಮೂಲಕ ಹೋಗಿದೆ, ಉಳಿದ ಎಂಬತ್ತು ಸಾವಿರ ನಗದು. ಕರಾರು 1-4-2023ರಿಂದ ಹನ್ನೊಂದು ತಿಂಗಳಿಗೆ ಆದದ್ದು, 29-2-2024ಕ್ಕೆ ಮುಗಿದಿದೆ. ಆಮೇಲೆ ಯಾರೂ ಹೊಸ ಕರಾರು ಬರೆಸಲಿಲ್ಲ. ತಿಂಗಳು ತಿಂಗಳು ಬಾಡಿಗೆ ಹೋಗುತ್ತಿದೆ, ಮಾಲೀಕರು ತೆಗೆದುಕೊಳ್ಳುತ್ತಿದ್ದಾರೆ. ಹಳೆಯ ಕರಾರಿನಲ್ಲಿ 'ಉಭಯತರಲ್ಲಿ ಯಾರೇ ಬಿಡಿಸಬೇಕೆಂದರೂ ಮೂರು ತಿಂಗಳು ಮುಂಚಿತವಾಗಿ ಲಿಖಿತ ನೋಟಿಸ್ ಕೊಡತಕ್ಕದ್ದು' ಎಂದಿದೆ. ಆಕೆಗೆ 2026ರ ಸೆಪ್ಟೆಂಬರ್ ಕೊನೆಗೆ ಅಂಗಡಿ ಬಿಡಬೇಕಾಗಿದೆ. ಆಕೆ ಎಷ್ಟು ದಿನದ ನೋಟಿಸ್ ಕೊಡಬೇಕು?

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 106ನೇ ಕಲಮು ಇದಕ್ಕೆ ಮೂಲ. ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಅಂಗಡಿಯಂಥ ಜಾಗದ ಬಾಡಿಗೆ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ ಎಂದು ಎಣಿಸಿ, 15 ದಿನಗಳ ನೋಟಿಸಿನಿಂದ ಕೊನೆಗೊಳಿಸಬಹುದು ಎಂದು ಅದು ಹೇಳುತ್ತದೆ. ಸಾಗುವಳಿಗೆ ಮತ್ತು ಉತ್ಪಾದನಾ ಕೆಲಸಕ್ಕೆ ಕೊಟ್ಟ ಜಾಗವಾದರೆ ಆರು ತಿಂಗಳು. ಹಿಟ್ಟಿನ ಗಿರಣಿಯಂಥ ಘಟಕ ನಡೆಸುವವರು ಈ ವ್ಯತ್ಯಾಸವನ್ನು ಮರೆಯಬಾರದು. ಕರಾರಿನಲ್ಲಿ ಸ್ಪಷ್ಟವಾಗಿ ಒಂದು ಅವಧಿ ಬರೆದಿದ್ದರೆ ಆ ಅವಧಿಯೇ ನಡೆಯುತ್ತದೆ, ಹದಿನೈದು ದಿನ ಅಲ್ಲ.

ನಮ್ಮ ಉದಾಹರಣೆಯಲ್ಲಿ ತೊಡಕು ಇಲ್ಲೇ ಇದೆ. ಕರಾರು ಮುಗಿದ ಮೇಲೂ ಮಾಲೀಕರು ಬಾಡಿಗೆ ಸ್ವೀಕರಿಸಿದರೆ ಬಾಡಿಗೆ ತಿಂಗಳ ಲೆಕ್ಕದಲ್ಲಿ ಮುಂದುವರಿಯಿತು ಎಂದು ಅದೇ ಕಾಯ್ದೆಯ 116ನೇ ಕಲಮು ಹೇಳುತ್ತದೆ. ಹಾಗಾದರೆ ಹಳೆಯ ಮೂರು ತಿಂಗಳ ಷರತ್ತು ಉಳಿಯಿತೋ, ಹದಿನೈದು ದಿನಕ್ಕೆ ಇಳಿಯಿತೋ ಎಂದು ಇಬ್ಬರು ವಕೀಲರು ಒಂದು ಇಡೀ ಬೆಳಿಗ್ಗೆ ವಾದಿಸಬಹುದು. ಬಾಡಿಗೆದಾರರು ಆ ವಾದಕ್ಕೆ ಜಾಗವನ್ನೇ ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಎರಡರಲ್ಲಿ ದೊಡ್ಡ ಅವಧಿಯ ನೋಟಿಸ್ ಕೊಟ್ಟರೆ ಎರಡು ವಾದವೂ ಬಿದ್ದುಹೋಗುತ್ತವೆ. ಅವಸರಕ್ಕೆ ಹದಿನೈದೇ ದಿನದ ನೋಟಿಸ್ ಕೊಟ್ಟು ಹೊರಟರೆ, ಉಳಿದ ಎರಡೂವರೆ ತಿಂಗಳ ಬಾಡಿಗೆಯನ್ನು ಮಾಲೀಕರು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುತ್ತಾರೆ. ನಲವತ್ತೈದು ಸಾವಿರ ರೂಪಾಯಿ ವಾಪಸ್ ಪಡೆಯಲು ಆಕೆಯೇ ಅಲೆಯಬೇಕಾಗುತ್ತದೆ.

ಮೂರು ಅಥವಾ ಐದು ವರ್ಷಕ್ಕೆ ಕರಾರು ಮಾಡಿಕೊಂಡು ಅದನ್ನು ನೋಂದಣಿ ಮಾಡಿಸದೆ ಬಿಟ್ಟವರದು ಇನ್ನೊಂದು ಬಗೆ. ಒಂದು ವರ್ಷಕ್ಕೆ ಮೀರಿದ ಬಾಡಿಗೆ ಕರಾರು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ಆಗದಿದ್ದರೆ ಅದರ ಷರತ್ತುಗಳನ್ನು ಕೋರ್ಟು ನೋಡುವುದಿಲ್ಲ. ಪಾರ್ಕ್ ಸ್ಟ್ರೀಟ್ ಪ್ರಾಪರ್ಟೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರಲ್ಲಿ ಇದನ್ನೇ ಹೇಳಿತು: ನೋಂದಣಿಯಾಗದ ಕರಾರಿನ ಷರತ್ತು ಲೆಕ್ಕಕ್ಕಿಲ್ಲ, ಬಾಡಿಗೆ ತಿಂಗಳ ಬಾಡಿಗೆಯೇ, ಹದಿನೈದು ದಿನದ ನೋಟಿಸ್ ಸಾಕು. ಇದು ಎರಡೂ ಕಡೆ ಹರಿಯುವ ಕತ್ತಿ. ಎರಡು ವರ್ಷ ಬಿಡುವಂತಿಲ್ಲ ಎಂಬ ಲಾಕ್-ಇನ್ ಷರತ್ತು ಬಾಡಿಗೆದಾರರ ಮೇಲಿಂದ ಸಡಿಲವಾಗುತ್ತದೆ ನಿಜ, ಆದರೆ ಅವರಿಗೆ ಅನುಕೂಲವಾಗಿದ್ದ ಷರತ್ತುಗಳೂ ಅದರ ಜೊತೆಗೇ ಹೋಗುತ್ತವೆ. ಆಗ ಅಡ್ವಾನ್ಸ್ ಕೊಟ್ಟದ್ದಕ್ಕೆ ಬ್ಯಾಂಕ್ ದಾಖಲೆ ಅಥವಾ ರಸೀದಿಯೇ ಆಸರೆ.

ಇನ್ನು ಕರ್ನಾಟಕ ಬಾಡಿಗೆ ಕಾಯ್ದೆ 1999. ವ್ಯಾಪಾರದ ಜಾಗಗಳಲ್ಲಿ ಅದು ಮುಟ್ಟುವುದು 14 ಚದರ ಮೀಟರ್, ಅಂದರೆ ಸುಮಾರು 150 ಚದರಡಿ ಮೀರದ, ಬಾಡಿಗೆಯೂ ಬಹಳ ಕಡಿಮೆ ಇರುವ ಪುಟ್ಟ ಅಂಗಡಿಗಳನ್ನು ಮಾತ್ರ. ನಮ್ಮ 200 ಚದರಡಿಯ ಮಳಿಗೆ ಅದರ ಹೊರಗೆ.

ಈಗ ದಿನದ ಎಣಿಕೆ. ನೋಟಿಸಿನ ಅವಧಿ ಶುರುವಾಗುವುದು ಪತ್ರ ಬರೆದ ದಿನದಿಂದಲ್ಲ, ಎದುರಿನವರ ಕೈಗೆ ತಲುಪಿದ ದಿನದಿಂದ. 106ನೇ ಕಲಮಿಗೆ 2002ರ ಕೊನೆಯಲ್ಲಿ ಜಾರಿಗೆ ಬಂದ ತಿದ್ದುಪಡಿ ಇದನ್ನು ಸ್ಪಷ್ಟಪಡಿಸಿದೆ. ನಮ್ಮ ಅಂಗಡಿಯಾಕೆ ಜೂನ್ 30ಕ್ಕೆ ಪತ್ರ ಅಂಚೆಗೆ ಹಾಕಿ, ಅದು ಜುಲೈ 3ಕ್ಕೆ ತಲುಪಿದರೆ ಮೂರು ತಿಂಗಳು ತುಂಬುವುದು ಅಕ್ಟೋಬರ್‌ನಲ್ಲಿ. ಮೂರು ದಿನದ ಹಿಂದುಮುಂದಿಗೆ ಇನ್ನೊಂದು ತಿಂಗಳ ಹದಿನೆಂಟು ಸಾವಿರಕ್ಕೆ ಮಾಲೀಕರು ಕೈ ಚಾಚಬಹುದು. ಆದ್ದರಿಂದ ಆಕೆ ಜೂನ್ 22ಕ್ಕೇ ಪತ್ರ ಕಳಿಸಬೇಕು. ಜೂನ್ ಮುಗಿಯುವುದರೊಳಗೆ ಅದು ತಲುಪಿದರೆ ಜುಲೈ, ಆಗಸ್ಟ್, ಸೆಪ್ಟೆಂಬರ್ ಎಂದು ಪೂರ್ತಿ ಮೂರು ತಿಂಗಳು ಸಿಗುತ್ತದೆ, ಬಾಡಿಗೆಯ ಲೆಕ್ಕವೂ ತಿಂಗಳ ಕೊನೆಗೆ ಚೊಕ್ಕವಾಗಿ ನಿಲ್ಲುತ್ತದೆ.

ಕಳಿಸುವ ಬಗೆಯನ್ನೂ ಕಾಯ್ದೆಯೇ ಹೇಳಿದೆ. ನೋಟಿಸ್ ಬರಹದಲ್ಲಿರಬೇಕು, ಕೊಡುವವರ ಸಹಿ ಇರಬೇಕು. ಅದನ್ನು ಅಂಚೆಯಲ್ಲಿ ಕಳಿಸಬಹುದು, ಕೈಗೇ ಕೊಡಬಹುದು ಅಥವಾ ಅವರ ಮನೆಯಲ್ಲಿ ಮನೆಯವರಿಗೋ ಕೆಲಸದವರಿಗೋ ಮುಟ್ಟಿಸಬಹುದು. ಕೈಗೆ ಕೊಟ್ಟರೆ ನಕಲಿನ ಮೇಲೆ 'ಮೂಲ ಪ್ರತಿ ತಲುಪಿದೆ' ಎಂದು ದಿನಾಂಕ ಸಮೇತ ಸಹಿ ಹಾಕಿಸಿಕೊಳ್ಳಬೇಕು. ಸಹಿ ಹಾಕಲು ಹಿಂದೆಮುಂದೆ ನೋಡಿದರೆ ಅಂಚೆಯೇ ಸರಿ. ಹಳೆಯ ರಿಜಿಸ್ಟರ್ಡ್ ಪೋಸ್ಟ್ ಸೇವೆಯನ್ನು ಅಂಚೆ ಇಲಾಖೆ 2025ರಲ್ಲಿ ಸ್ಪೀಡ್ ಪೋಸ್ಟ್‌ನೊಳಗೆ ಸೇರಿಸಿದೆ. ಹಾಗಾಗಿ ಕೌಂಟರಿನಲ್ಲಿ ನೋಂದಣಿಯನ್ನೂ ತಲುಪಿದ್ದಕ್ಕೆ ಪುರಾವೆಯನ್ನೂ ಕೇಳಿಯೇ ಮಾಡಿಸಿ, ರಸೀದಿಯನ್ನು ನಕಲಿಗೆ ಪಿನ್ ಮಾಡಿ ಇಡಬೇಕು. ಸರಿಯಾದ ವಿಳಾಸಕ್ಕೆ ಕಳಿಸಿದ ಅಂಚೆಯನ್ನು ಮಾಲೀಕರು ಬೇಡವೆಂದು ತಿರುಗಿಸಿದರೆ ಅದು ತಲುಪಿದಂತೆಯೇ ಲೆಕ್ಕ. ವಾಪಸ್ ಬಂದ ಲಕೋಟೆಯನ್ನು ಒಡೆಯದೆ ಹಾಗೇ ಜೋಪಾನ ಮಾಡಿ. ವಾಟ್ಸಾಪ್‌ನಲ್ಲಿ ಅದರ ಫೋಟೋ ಹಾಕುವುದು ಒಳ್ಳೆಯದೇ, ಆದರೆ ಅದು ಅಂಚೆಯ ಜೊತೆಗಿರಲಿ, ಅಂಚೆಯ ಬದಲಿಗೆ ಬೇಡ.

ಮಾಲೀಕರು ತೀರಿಕೊಂಡು ಮಕ್ಕಳಲ್ಲಿ ಒಬ್ಬರು ಬಾಡಿಗೆ ವಸೂಲಿ ಮಾಡುತ್ತಿದ್ದರೆ, ಗೊತ್ತಿರುವ ವಾರಸುದಾರರೆಲ್ಲರ ಹೆಸರಿಗೂ ಪ್ರತಿ ಕಳಿಸಿ. ನನಗೆ ತಿಳಿಸಲೇ ಇಲ್ಲ ಎಂಬ ತಮ್ಮನೊಬ್ಬ ಕೊನೆಯಲ್ಲಿ ಹುಟ್ಟಿಕೊಳ್ಳುವುದು ಅಡ್ವಾನ್ಸ್ ಕೊಡುವ ಹೊತ್ತಿನಲ್ಲೇ.

ಪತ್ರ ಹೀಗಿರಬಹುದು:

ಇವರಿಂದ: (ಬಾಡಿಗೆದಾರರ ಹೆಸರು, ಅಂಗಡಿಯ ಹೆಸರು, ವಿಳಾಸ)
ಇವರಿಗೆ: (ಮಾಲೀಕರ ಹೆಸರು, ಮನೆ ವಿಳಾಸ)
ದಿನಾಂಕ: 22-6-2026, ದಾವಣಗೆರೆ

ವಿಷಯ: ಮಳಿಗೆ ಬಾಡಿಗೆಯನ್ನು ಕೊನೆಗೊಳಿಸುವ ನೋಟಿಸ್ ಹಾಗೂ ಮುಂಗಡ ಠೇವಣಿ 1,80,000 ರೂ. ಹಿಂತಿರುಗಿಸುವ ಬಗ್ಗೆ.

ಮಾನ್ಯರೇ,

ತಮ್ಮ ಮಾಲೀಕತ್ವದ, ನೆಲ ಅಂತಸ್ತಿನ (ಸಂಖ್ಯೆ) ಮಳಿಗೆಯನ್ನು 1-4-2023ರ ಕರಾರಿನಂತೆ ನಾನು ಬಾಡಿಗೆಗೆ ಪಡೆದಿದ್ದು, ಕರಾರಿನ ಅವಧಿ ಮುಗಿದ ನಂತರವೂ ತಮ್ಮ ಒಪ್ಪಿಗೆಯಿಂದ ತಿಂಗಳಿಗೆ 18,000 ರೂ. ಬಾಡಿಗೆ ಕೊಟ್ಟು ಮುಂದುವರಿದಿದ್ದೇನೆ. ಮೇ 2026ರವರೆಗಿನ ಬಾಡಿಗೆ ಪಾವತಿಯಾಗಿದೆ.

ಸದರಿ ಬಾಡಿಗೆಯನ್ನು 30-9-2026ರ ಕೊನೆಗೆ ಮುಕ್ತಾಯಗೊಳಿಸುತ್ತಿದ್ದೇನೆ. ಕರಾರಿನಂತೆ ಮೂರು ತಿಂಗಳ ಲಿಖಿತ ನೋಟಿಸ್ ಎಂದು ಇದನ್ನು ಪರಿಗಣಿಸಬೇಕು. ಅಲ್ಲಿಯವರೆಗಿನ ಬಾಡಿಗೆ ಮತ್ತು ವಿದ್ಯುತ್ ಬಿಲ್ಲನ್ನು ಎಂದಿನಂತೆ ಪಾವತಿಸುತ್ತೇನೆ.

30-9-2026ರ ಬೆಳಿಗ್ಗೆ 11 ಗಂಟೆಗೆ ಮಳಿಗೆಯನ್ನು ಖಾಲಿ ಮಾಡಿ, ಬೀಗದ ಕೈಗಳೊಂದಿಗೆ ಸ್ವಾಧೀನವನ್ನು ತಮಗೆ ಒಪ್ಪಿಸಲು ಸಿದ್ಧಳಿದ್ದೇನೆ. ಅದಕ್ಕೆ ಮೊದಲು 20-9-2026ರಂದು ಮಳಿಗೆಯನ್ನು ಜೊತೆಯಲ್ಲಿ ನೋಡಿ, ದುರಸ್ತಿ ಏನಾದರೂ ಇದ್ದರೆ ಬರಹದಲ್ಲಿ ತಿಳಿಸಬೇಕಾಗಿ ಕೋರುತ್ತೇನೆ.

ಕರಾರಿನ ವೇಳೆ ತಾವು ಸ್ವೀಕರಿಸಿರುವ ಮುಂಗಡ ಠೇವಣಿ 1,80,000 ರೂ.ಗಳನ್ನು (ಬ್ಯಾಂಕ್ ಮೂಲಕ 1,00,000, ನಗದು 80,000) ಸ್ವಾಧೀನ ಒಪ್ಪಿಸುವ ದಿನವೇ ಕೆಳಗಿನ ಖಾತೆಗೆ ಹಿಂತಿರುಗಿಸಬೇಕು. ಕಡಿತವೇನಾದರೂ ಇದ್ದಲ್ಲಿ ಬಿಲ್ಲು ಸಹಿತ ಲೆಕ್ಕ ಕೊಡಬೇಕು. ಆ ದಿನದ ನಂತರ ಉಳಿಯುವ ಬಾಕಿಯ ಮೇಲೆ ಚಾಲ್ತಿ ಬ್ಯಾಂಕ್ ದರದಲ್ಲಿ ಬಡ್ಡಿಯನ್ನು ಕೋರುವುದಾಗಿ ಈ ಮೂಲಕ ತಿಳಿಸುತ್ತೇನೆ.

(ಖಾತೆಯ ವಿವರ)
ಇಂತಿ ತಮ್ಮ ವಿಶ್ವಾಸಿ,
(ಸಹಿ)

ಇದರಲ್ಲಿ ಒಂದೊಂದು ಸಾಲಿಗೂ ಕೆಲಸವಿದೆ. 'ಮುಕ್ತಾಯಗೊಳಿಸುತ್ತಿದ್ದೇನೆ' ಎಂಬುದು ಕಡ್ಡಿ ಮುರಿದ ಮಾತು. ಖಾಲಿ ಮಾಡಬೇಕೆಂದಿದ್ದೇನೆ, ಅಡ್ವಾನ್ಸ್ ಕೊಟ್ಟರೆ ಬಿಡುತ್ತೇನೆ ಎಂದು ಬರೆದರೆ ಅದು ನೋಟಿಸ್ ಆಯಿತೇ ಎಂಬುದೇ ಪ್ರಶ್ನೆಯಾಗುತ್ತದೆ. ಕೊಟ್ಟ ದಿನಾಂಕ ದಾಟಿದ ಮೇಲೂ ಕೂತು ಬಾಡಿಗೆ ಕಟ್ಟಿ, ಮಾಲೀಕರು ಅದನ್ನು ತೆಗೆದುಕೊಂಡರೆ ನೋಟಿಸನ್ನೇ ಇಬ್ಬರೂ ಕೈಬಿಟ್ಟಂತೆ ಆಗಬಹುದು. ಆಮೇಲೆ ಮತ್ತೆ ಮೊದಲಿನಿಂದ ನೋಟಿಸ್. ನಗದು ಎಂಬತ್ತು ಸಾವಿರವನ್ನು ಬಿಡಿಸಿ ಬರೆದದ್ದು ಏಕೆಂದರೆ, ಅದಕ್ಕೆ ಈಗಲೇ ಆಕ್ಷೇಪ ಬರದಿದ್ದರೆ ಮುಂದೆ ಅದನ್ನು ಅಲ್ಲಗಳೆಯುವುದು ಕಷ್ಟ. ಬಡ್ಡಿಯ ಸಾಲಂತೂ ಬಹಳ ಜನ ಬಿಡುವ ಸಾಲು. ಕರಾರಿನಲ್ಲಿರುವ 'ಬಡ್ಡಿರಹಿತ' ಎಂಬ ಪದವನ್ನು ಬಾಡಿಗೆ ನಡೆಯುವ ಕಾಲಕ್ಕೆ ಸೇರಿದ್ದೆಂದು ವಾದಿಸಬಹುದು. ಕೊಡಬೇಕಾದ ದಿನ ದಾಟಿದ ಮೇಲೆ, ಬಡ್ಡಿ ಕೇಳಿ ಲಿಖಿತ ನೋಟಿಸ್ ಕೊಟ್ಟಿದ್ದರೆ ಬಡ್ಡಿ ಕೊಡಿಸಲು 1978ರ ಬಡ್ಡಿ ಕಾಯ್ದೆಯಲ್ಲಿ ಕೋರ್ಟಿಗೆ ಅವಕಾಶವಿದೆ.

ಪತ್ರದ ಇನ್ನೊಂದು ಸಾಲಿನ ಬಗ್ಗೆ ಒತ್ತಿ ಹೇಳಬೇಕು: ಅಲ್ಲಿಯವರೆಗಿನ ಬಾಡಿಗೆ ಎಂದಿನಂತೆ ಪಾವತಿಸುತ್ತೇನೆ ಎಂಬುದು. ಅಡ್ವಾನ್ಸ್ ಹೇಗೂ ಬರುವುದಿಲ್ಲ ಎಂಬ ಭಯಕ್ಕೆ ಕೊನೆಯ ಕೆಲವು ತಿಂಗಳು ಬಾಡಿಗೆ ನಿಲ್ಲಿಸಿ, ಅದರಲ್ಲೇ ಮುರ್ಕೊಳ್ಳಿ ಎನ್ನುವವರು ಅನೇಕರು. ಆ ಭಯ ಅರ್ಥವಾಗುವಂಥದ್ದು. ಆದರೆ ಹೆಚ್ಚಿನ ಕರಾರುಗಳಲ್ಲಿ ಮುಂಗಡವನ್ನು ಬಾಡಿಗೆಗೆ ವಜಾ ಮಾಡುವಂತಿಲ್ಲ ಎಂದೇ ಇರುತ್ತದೆ. ಬಾಡಿಗೆ ನಿಲ್ಲಿಸಿದ ದಿನ ಬಾಡಿಗೆದಾರರು ಬಾಕಿದಾರರಾಗುತ್ತಾರೆ, ಅಲ್ಲಿಯವರೆಗೆ ಅವರ ಪರವಾಗಿದ್ದ ನ್ಯಾಯ ಅರ್ಧಕ್ಕೆ ಇಳಿಯುತ್ತದೆ. ಮಾಲೀಕರೇ ಒಪ್ಪಿ ಬರೆದುಕೊಟ್ಟರೆ ಮಾತ್ರ ಆ ದಾರಿ ಹಿಡಿಯಬಹುದು. ಮಾಲೀಕರ ಕೈಯಲ್ಲಿ ದುಡ್ಡಿಲ್ಲವೆಂದು ಮೊದಲೇ ಗೊತ್ತಿದ್ದರೆ ಅದು ಇಬ್ಬರಿಗೂ ಒಳ್ಳೆಯ ದಾರಿಯೇ.

ಸೆಪ್ಟೆಂಬರ್ 20ರಂದು ಇಬ್ಬರೂ ಸೇರಿ ಮಳಿಗೆ ನೋಡುತ್ತಾರೆ ಎನ್ನಿ. ಮಾಲೀಕರ ಪಟ್ಟಿ ಹೀಗಿದೆ: ಪೂರ್ತಿ ಬಣ್ಣಕ್ಕೆ 25,000, ಶಟರ್ ಬಿಗಿಯಾಗಿದೆ, ಅದರ ರಿಪೇರಿಗೆ 6,000, ಗೋಡೆಗೆ ರ‍್ಯಾಕ್ ಹೊಡೆದ ತೂತುಗಳನ್ನು ಮುಚ್ಚಲು 3,500, ಬೆಸ್ಕಾಂ ಬಿಲ್ಲು 1,460. ಇವನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಬಾರದು. ಜಾಗವನ್ನು ಪಡೆದಾಗ ಇದ್ದ ಸ್ಥಿತಿಯಲ್ಲಿ ಒಪ್ಪಿಸುವುದು ಬಾಡಿಗೆದಾರರ ಹೊಣೆ, ಆದರೆ ಸಹಜ ಬಳಕೆಯಿಂದ ಆದ ಸವೆತ ಅದಕ್ಕೆ ಸೇರುವುದಿಲ್ಲ ಎಂದು ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮು ಹೇಳುತ್ತದೆ. ಮೂರೂವರೆ ವರ್ಷದಲ್ಲಿ ಬಣ್ಣ ಮಾಸುವುದು, ದಿನಕ್ಕೆರಡು ಸಲ ಎಳೆಯುವ ಶಟರ್ ಬಿಗಿಯಾಗುವುದು ಸವೆತ. ರ‍್ಯಾಕ್‌ನ ತೂತು ಆಕೆಯೇ ಮಾಡಿದ್ದು, ಅದನ್ನು ಆಕೆ ಮುಚ್ಚಿಸಬೇಕು. ಬಿಡುವಾಗ ಬಣ್ಣಕ್ಕೆ ಒಂದು ತಿಂಗಳ ಬಾಡಿಗೆ ಮುರಿಯುವುದು ಎಂದು ಕರಾರಿನಲ್ಲೇ ಬರೆದಿದ್ದರೆ ಮಾತ್ರ ಆ ಹಣಕ್ಕೆ ಮಾಲೀಕರು ಹಕ್ಕುದಾರರು. ನಮ್ಮ ಕರಾರಿನಲ್ಲಿ ಅದಿಲ್ಲ. ಹಾಗಾಗಿ ನ್ಯಾಯವಾದ ಕಡಿತ 3,500 ಮತ್ತು 1,460, ಒಟ್ಟು 4,960. ವಾಪಸ್ ಬರಬೇಕಾದದ್ದು 1,75,040 ರೂಪಾಯಿ. ತೂತುಗಳನ್ನು ಆಕೆಯೇ ತನಗೆ ಗೊತ್ತಿರುವ ಗಾರೆಯವರಿಂದ ಮುಚ್ಚಿಸಿದರೆ ಇನ್ನೂ ಅಗ್ಗ. ರ‍್ಯಾಕು, ಗಾಜಿನ ಕೌಂಟರು, ಬೋರ್ಡು ಎಲ್ಲ ಆಕೆಯವೇ. ಆದರೆ ಅವನ್ನು ಬೀಗ ಕೊಡುವ ಮೊದಲೇ ತೆಗೆಯಬೇಕು, ಆಮೇಲೆ ಕೇಳುವುದು ಕಷ್ಟ.

ಕೊನೆಯ ದಿನದ ಬಿಕ್ಕಟ್ಟು ನಿಮಗೆ ಗೊತ್ತಿರುವಂಥದ್ದೇ. ಬೀಗ ಕೊಟ್ಟರೆ ದುಡ್ಡು ಹೋಯಿತು ಎಂದು ಬಾಡಿಗೆದಾರರು, ದುಡ್ಡು ಕೊಟ್ಟರೆ ಬೀಗ ಬರುವುದಿಲ್ಲ ಎಂದು ಮಾಲೀಕರು. ಸ್ವಾಧೀನ ಒಪ್ಪಿಸುವಾಗ ಮುಂಗಡ ಹಿಂತಿರುಗಿಸತಕ್ಕದ್ದು ಎಂದು ಕರಾರಿನಲ್ಲಿದ್ದರೆ ಅವು ಒಟ್ಟೊಟ್ಟಿಗೆ ನಡೆಯಬೇಕಾದ ಎರಡು ಮಾತುಗಳು. ಒಬ್ಬರು ಸಿದ್ಧರಿಲ್ಲದಿದ್ದರೆ ಇನ್ನೊಬ್ಬರು ತಮ್ಮ ಮಾತು ನಡೆಸಬೇಕಿಲ್ಲ ಎಂದು ಕರಾರು ಕಾಯ್ದೆಯ 51ನೇ ಕಲಮು ಹೇಳುತ್ತದೆ. ಹಾಗೆಂದು ಬೀಗ ಹಾಕಿಕೊಂಡು ತಿಂಗಳುಗಟ್ಟಲೆ ಕೂರುವುದು ಜಾಣತನವಲ್ಲ. ಜಾಗ ನಿಮ್ಮ ಬೀಗದೊಳಗಿರುವಷ್ಟು ದಿನವೂ ಬಾಡಿಗೆ ಓಡುತ್ತಿದೆ ಎಂದು ಮಾಲೀಕರು ವಾದಿಸುತ್ತಾರೆ, ಹತ್ತು ತಿಂಗಳ ಅಡ್ವಾನ್ಸ್ ಹತ್ತೇ ತಿಂಗಳಲ್ಲಿ ಕರಗುತ್ತದೆ. ನಾನು ಹೇಳುವುದಾದರೆ, ಅಂಗಡಿ ಖಾಲಿ ಮಾಡಿ, ಒಳಗಿನ ಫೋಟೋ ಮತ್ತು ಮೀಟರ್ ರೀಡಿಂಗ್ ತೆಗೆದು, ಬೀಗ ಕೊಡಲು ಸಿದ್ಧ ಎಂದು ಇಬ್ಬರು ಸಾಕ್ಷಿಗಳ ಮುಂದೆ ಹೇಳಿ, ಅವರು ತೆಗೆದುಕೊಳ್ಳದಿದ್ದರೆ ಅದೇ ದಿನ ಆ ಸಂಗತಿಯನ್ನು ಬರೆದು ಅಂಚೆಗೆ ಹಾಕಿ. ಆಮೇಲಿನ ಬಾಡಿಗೆಯನ್ನು ಮಾಲೀಕರು ಕೇಳಿದರೆ ಈ ಕಾಗದವೇ ನಿಮ್ಮ ಮೊದಲ ಉತ್ತರ.

ಹೆಚ್ಚು ಕೇಳಿಬರುವ ಮಾತು ಮಾತ್ರ ಇದು: "ಹೊಸ ಬಾಡಿಗೆಯವರು ಅಡ್ವಾನ್ಸ್ ಕೊಡಲಿ, ನಿಮಗೆ ಕೊಟ್ಟುಬಿಡ್ತೀನಿ." ಮಾಲೀಕರು ಆ ಹಣವನ್ನು ಮನೆ ಕಟ್ಟಲೋ ಮದುವೆಗೋ ಖರ್ಚು ಮಾಡಿರುತ್ತಾರೆ, ಅವರ ಮಾತಿನಲ್ಲಿ ಸುಳ್ಳಿರುವುದಿಲ್ಲ. ಆದರೆ ಕರಾರಿನಲ್ಲಿ ಬರೆಯದಿದ್ದರೆ ಅದಕ್ಕೆ ಕಾಯಬೇಕಾದ ಬಾಧ್ಯತೆ ಬಾಡಿಗೆದಾರರಿಗಿಲ್ಲ. ಕಾಯಲು ಮನಸ್ಸಿದ್ದರೆ ಬಾಯಿಮಾತಿಗೆ ಕಾಯಬೇಡಿ. 'ಸ್ವಾಧೀನ ಈ ದಿನ ಪಡೆದಿದ್ದೇನೆ, 1,75,040 ರೂ. ಕೊಡಬೇಕಿದೆ, 31-10-2026ಕ್ಕೆ ಕೊಡುತ್ತೇನೆ' ಎಂದು ಬರೆಸಿಕೊಂಡು, ಆ ದಿನಾಂಕದ ಚೆಕ್ ಪಡೆಯಿರಿ. ಚೆಕ್ ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಕೈಗೆ ಬಂದ 30 ದಿನದೊಳಗೆ ನೋಟಿಸ್ ಕೊಡಬೇಕು, ನೋಟಿಸ್ ತಲುಪಿದ ಮೇಲೆ ಅವರಿಗೆ 15 ದಿನ ಸಿಗುತ್ತದೆ, ಆಗಲೂ ಹಣ ಬರದಿದ್ದರೆ ನಂತರದ ಒಂದು ತಿಂಗಳೊಳಗೆ 138ನೇ ಕಲಮಿನ ದೂರು ದಾಖಲಿಸಬೇಕು. ಈ ಗಡುವುಗಳಲ್ಲಿ ಒಂದು ತಪ್ಪಿದರೂ ಆ ದಾರಿ ಮುಚ್ಚಿಕೊಳ್ಳಬಹುದು.

ಜಿಎಸ್‌ಟಿ ಇರುವವರು ವ್ಯಾಪಾರದ ವಿಳಾಸ ಬದಲಾದ 15 ದಿನದೊಳಗೆ ಪೋರ್ಟಲ್‌ನಲ್ಲಿ ತಿದ್ದಿಸಬೇಕು, ಪಾಲಿಕೆಯ ಟ್ರೇಡ್ ಲೈಸೆನ್ಸ್ ವಿಳಾಸವನ್ನೂ ಮರೆಯಬಾರದು.

ಎಲ್ಲ ಆದ ಮೇಲೂ ಹಣ ಬರದಿದ್ದರೆ ವಕೀಲರ ನೋಟಿಸ್, ಆಮೇಲೆ ದಾವೆ. ಅದಕ್ಕೆ ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವ್ಯಾಜ್ಯಪೂರ್ವ ಅರ್ಜಿ ಹಾಕಿ ಮಾಲೀಕರನ್ನು ಕರೆಸಬಹುದು. ಲೋಕ ಅದಾಲತ್‌ನಲ್ಲಿ ರಾಜಿಯಾದರೆ ಆ ಆದೇಶಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬಲ. ನಮ್ಮ ಉದಾಹರಣೆಯಂಥ ಮೊತ್ತಕ್ಕೆ ಇದೇ ಮೊದಲ ಬಾಗಿಲು ಎನ್ನುತ್ತೇನೆ. ವಿವಾದದ ಮೊತ್ತ ಮೂರು ಲಕ್ಷ ಅಥವಾ ಅದಕ್ಕೆ ಮೀರಿದ್ದರೆ, ಪೂರ್ತಿ ವ್ಯಾಪಾರಕ್ಕೇ ಬಳಸುವ ಜಾಗದ ಕರಾರಿನ ವ್ಯಾಜ್ಯ ವಾಣಿಜ್ಯ ನ್ಯಾಯಾಲಯಕ್ಕೆ ಹೋಗುತ್ತದೆ. ತುರ್ತು ತಡೆಯಾಜ್ಞೆ ಬೇಡದ ದಾವೆಯಾದರೆ ಅಲ್ಲಿ ಮೊದಲು ಮಧ್ಯಸ್ಥಿಕೆಗೆ ಹೋಗುವುದು ಕಡ್ಡಾಯ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ.

ಇಂಥ ಹಣಕ್ಕೆ ದಾವೆ ಹೂಡಲು ಇರುವ ಕಾಲ ಮೂರು ವರ್ಷ. ಹಣ ಕೊಡಬೇಕಾದ ದಿನದಿಂದ ಅದು ಓಡತೊಡಗುತ್ತದೆ. ಆ ಅವಧಿಯೊಳಗೆ ಮಾಲೀಕರು ಬಾಕಿಯನ್ನು ಬರಹದಲ್ಲಿ ಒಪ್ಪಿ ಸಹಿ ಹಾಕಿದರೆ ಆ ಸಹಿಯ ದಿನದಿಂದ ಹೊಸದಾಗಿ ಮೂರು ವರ್ಷ. ಮುಂದಿನ ತಿಂಗಳು, ಮುಂದಿನ ಹಬ್ಬ ಎಂಬ ಮಾತು ಎಷ್ಟು ಸಲ ಬಂದರೂ, ಅದು ಬಾಯಿಯಲ್ಲೇ ಉಳಿದರೆ ಒಂದು ದಿನವೂ ಹೆಚ್ಚುವುದಿಲ್ಲ.